ಗುಲಾಬಿ ದ್ರವ್ಯ ತುಂಬಿದ ಗುಂಡುಗಳಿದ್ದ ಮಾತ್ರಕ್ಕೆ ಅದು ಥೈರಾಯ್ಡ್ ಸ್ಲೈಡ್ ಆಗುತ್ತದೆಯೇ?

ಪ್ರಶ್ನೆ (ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿನಿ):
ಪ್ಯಾರಾಥೈರಾಯ್ಡ್ ಎಂದು ಚೀಟಿ ಅಂಟಿಸಿರುವ ಒಂದು ಸ್ಲೈಡಿನಲ್ಲಿ, ಒತ್ತೊತ್ತಾದ ಸಣ್ಣ ಜೀವಕೋಶಗಳ ನಡುವೆ ಅಲ್ಲಲ್ಲಿ ಗುಲಾಬಿ ದ್ರವ್ಯ ತುಂಬಿದ ಗುಂಡಾದ ಜಾಗಗಳು ಕಾಣುತ್ತಿವೆ. ಚೀಟಿ ತಪ್ಪಾಗಿದೆಯೇ? ಜೊತೆಗೆ, ಥೈರಾಯ್ಡ್ ಸ್ಲೈಡಿನಲ್ಲಿ ಫಾಲಿಕಲ್‌ಗಳ ಮಧ್ಯೆ ಟೊಳ್ಳಿಲ್ಲದ ಜೀವಕೋಶಗಳ ಗುಂಪುಗಳಿವೆ. ಅವೇ ಪ್ಯಾರಾಫಾಲಿಕ್ಯುಲರ್ ಕೋಶಗಳೇ? ಎರಡೂ ಎಚ್ ಅಂಡ್ ಇ ಬಣ್ಣದ ಸ್ಲೈಡುಗಳು.

ಉತ್ತರ (ಪ್ಯಾಥಾಲಜಿ ವೈದ್ಯೆ):
ನಿಮ್ಮ ವಿವರಣೆಯಂತೆ ಚೀಟಿ ಸರಿಯಾಗಿಯೇ ಇರುವ ಸಂಭವ ಹೆಚ್ಚು. ಪ್ಯಾರಾಥೈರಾಯ್ಡ್‌ನಲ್ಲಿಯೂ, ವಿಶೇಷವಾಗಿ ವಯಸ್ಸಾದವರ ಗ್ರಂಥಿಯಲ್ಲಿ, ಜೀವಕೋಶಗಳು ಅಲ್ಲಲ್ಲಿ ವೃತ್ತಾಕಾರವಾಗಿ ಜೋಡಿಸಿಕೊಂಡು ನಡುವೆ ಗುಲಾಬಿ ದ್ರವ್ಯವನ್ನು ಇಟ್ಟುಕೊಂಡಿರುವುದುಂಟು, ಮತ್ತು ಅದು ಥೈರಾಯ್ಡಿನ ಕೊಲಾಯ್ಡನ್ನು ಬಹಳ ಮಟ್ಟಿಗೆ ಹೋಲುತ್ತದೆ. ಆದ್ದರಿಂದ ಒಂದೆರಡು ಗುಂಡುಗಳನ್ನು ನೋಡಿ ತೀರ್ಮಾನಕ್ಕೆ ಬರಬಾರದು. ಅವುಗಳ ಸುತ್ತ ಉಳಿದ ಅಂಗಾಂಶವೇನು ಮಾಡುತ್ತಿದೆ ಎಂಬುದನ್ನು ನೋಡಬೇಕು.

ಅದಕ್ಕಾಗಿ ಮೊದಲು ಅತಿ ಕಡಿಮೆ ವರ್ಧನೆಯ ಮಸೂರದಲ್ಲಿ ಇಡೀ ತುಂಡನ್ನು ಒಂದು ಸುತ್ತು ನೋಡಿ. ಥೈರಾಯ್ಡಿನಲ್ಲಿ ಫಾಲಿಕಲ್ ಎನ್ನುವುದೇ ನಿಯಮ: ಎಲ್ಲಿ ನೋಡಿದರೂ ಸಣ್ಣ ದೊಡ್ಡ ಗುಂಡುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ಸಾಮಾನ್ಯವಾದವು ಸುಮಾರು 200 ಮೈಕ್ರೋಮೀಟರ್ ಅಗಲವಿರುತ್ತವೆ. ಪ್ಯಾರಾಥೈರಾಯ್ಡಿನಲ್ಲಿ ಜೀವಕೋಶಗಳ ಗಟ್ಟಿ ಹಾಳೆಗಳೂ ಎಳೆಗಳೂ ನಿಯಮವಾಗಿದ್ದು, ಟೊಳ್ಳು ಅಪವಾದವಾಗಿರುತ್ತದೆ. ಆ ಹಾಳೆಗಳ ನಡುವೆ ಖಾಲಿ ಕಿಟಕಿಗಳಂತೆ ಕೊಬ್ಬಿನ ಕೋಶಗಳು ಸೇರಿಕೊಂಡಿದ್ದರೆ ಅನುಮಾನ ಇನ್ನಷ್ಟು ಕಡಿಮೆಯಾಗುತ್ತದೆ.

ಅನಂತರ ಹೆಚ್ಚಿನ ವರ್ಧನೆಗೆ ಹೋಗಿ, ಗುಲಾಬಿ ಗುಂಡನ್ನು ಬಿಟ್ಟು ಅದರ ಗೋಡೆಯ ಜೀವಕೋಶಗಳನ್ನು ನೋಡಿ. ಪ್ಯಾರಾಥೈರಾಯ್ಡಿನ ಮುಖ್ಯ ಕೋಶಗಳು ಚಿಕ್ಕವು, ಅವುಗಳ ಕೋಶಕೇಂದ್ರ ದುಂಡಗೆ, ಗಾಢವಾಗಿ, ನಡುವಿನಲ್ಲಿರುತ್ತದೆ, ಕೋಶರಸ ತಿಳಿಯಾಗಿರುತ್ತದೆ, ಮತ್ತು ಒಂದು ಕೋಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆ ಸಾಮಾನ್ಯವಾಗಿ ಸ್ಪಷ್ಟವಾಗಿರುತ್ತದೆ. ಟೊಳ್ಳಿನ ಗೋಡೆಯಲ್ಲಿರುವ ಕೋಶಗಳೂ ಅದರಾಚೆಯ ಗಟ್ಟಿ ಹಾಳೆಯ ಕೋಶಗಳೂ ಒಂದೇ ತೆರನಾಗಿ ಕಂಡರೆ, ನೀವು ನೋಡುತ್ತಿರುವುದು ಪ್ಯಾರಾಥೈರಾಯ್ಡ್. ಇವುಗಳ ಮಧ್ಯೆ ಎರಡು ಮೂರು ಪಟ್ಟು ದೊಡ್ಡದಾದ, ಕಡು ಗುಲಾಬಿ ಕೋಶರಸದ ಕೋಶಗಳ ಗುಂಪು ಸಿಕ್ಕರೆ ಅವು ಆಕ್ಸಿಫಿಲ್ ಕೋಶಗಳು. ಆ ಬಣ್ಣ ಬರುವುದು ಅವುಗಳಲ್ಲಿ ಕಿಕ್ಕಿರಿದಿರುವ ಮೈಟೋಕಾಂಡ್ರಿಯಾಗಳಿಂದ. ಆದರೆ ಥೈರಾಯ್ಡಿನಲ್ಲಿಯೂ ಇದೇ ಕಾರಣಕ್ಕೆ ಕಡು ಗುಲಾಬಿಯಾಗುವ ಹರ್ತಲ್ ಕೋಶಗಳಿರುವುದರಿಂದ, ಅದೊಂದರ ಮೇಲೆಯೇ ಭಾರ ಹಾಕಬೇಡಿ.

ಪ್ರತಿಕ್ರಿಯೆ (ಪ್ರಯೋಗಾಲಯ ತಂತ್ರಜ್ಞ):
ಮೇಡಂ, ಇಷ್ಟು ದೂರ ಹೋಗುವ ಅಗತ್ಯವಿಲ್ಲ ಎಂದು ನನ್ನ ಅನಿಸಿಕೆ. ಕೊಬ್ಬಿನ ಕೋಶ ಇದ್ದರೆ ಪ್ಯಾರಾಥೈರಾಯ್ಡ್, ಇಲ್ಲದಿದ್ದರೆ ಥೈರಾಯ್ಡ್. ಸಂಶಯ ಉಳಿದರೆ ಪಿ.ಎ.ಎಸ್. ಬಣ್ಣ ಹಾಕಿದರಾಯಿತು, ಕೊಲಾಯ್ಡ್ ಕೆನ್ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಪ್ಯಾಥಾಲಜಿ ವೈದ್ಯೆ:
ಕೊಬ್ಬಿನ ಕೋಶ ಇದ್ದಾಗ ನಿಮ್ಮ ಮಾತು ಬಹುತೇಕ ಸರಿ, ಇಲ್ಲದಿದ್ದಾಗ ಅಪಾಯಕಾರಿ. ಮಕ್ಕಳ ಪ್ಯಾರಾಥೈರಾಯ್ಡಿನಲ್ಲಿ ಕೊಬ್ಬು ಬಹಳ ಕಡಿಮೆ, ಪ್ರೌಢಾವಸ್ಥೆಯ ನಂತರ ಅದು ಹೆಚ್ಚುತ್ತಾ ಹೋಗುತ್ತದೆ. ಪ್ಯಾರಾಥೈರಾಯ್ಡ್ ಅಡೆನೋಮಾದ ಗಡ್ಡೆಯೊಳಗಂತೂ ಸಾಮಾನ್ಯವಾಗಿ ಕೊಬ್ಬು ಇರುವುದೇ ಇಲ್ಲ, ಮತ್ತು ಫಾಲಿಕಲ್‌ನಂಥ ರಚನೆಗಳು ಗೊಂದಲ ಹುಟ್ಟಿಸುವುದೂ ಅಂಥ ಗಡ್ಡೆಗಳಲ್ಲಿಯೇ ಹೆಚ್ಚು.

ಪಿ.ಎ.ಎಸ್. ಬಣ್ಣ ಇಲ್ಲಿ ನಮ್ಮನ್ನು ಪಾರುಮಾಡುವುದಿಲ್ಲ. ಥೈರೋಗ್ಲೋಬ್ಯುಲಿನ್ ಸಕ್ಕರೆ ಬೆಸೆದ ಪ್ರೋಟೀನ್ ಆದ್ದರಿಂದ ಕೊಲಾಯ್ಡ್ ಬಣ್ಣ ಹಿಡಿಯುತ್ತದೆ ಎಂಬುದು ನಿಜ. ಆದರೆ ಪ್ಯಾರಾಥೈರಾಯ್ಡಿನ ಟೊಳ್ಳುಗಳಲ್ಲಿರುವ ದ್ರವ್ಯವೂ ಅದೇ ಬಣ್ಣ ಹಿಡಿಯಬಲ್ಲದು, ಮುಖ್ಯ ಕೋಶಗಳೊಳಗಿನ ಗ್ಲೈಕೋಜನ್ ಕೂಡ ಹಿಡಿಯುತ್ತದೆ. ಡಯಾಸ್ಟೇಸ್ ಹಾಕಿ ಗ್ಲೈಕೋಜನ್ ಕರಗಿಸಿದ ಮೇಲೆಯೂ ಟೊಳ್ಳಿನ ದ್ರವ್ಯದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕಿಂತ ಧ್ರುವೀಕೃತ ಬೆಳಕಿನಲ್ಲಿ ಒಮ್ಮೆ ನೋಡುವುದು ಹೆಚ್ಚು ಉಪಯುಕ್ತ. ವಯಸ್ಕರ ಥೈರಾಯ್ಡ್ ಕೊಲಾಯ್ಡಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಹಲವು ವೇಳೆ ಹೊಳೆಯುತ್ತವೆ, ಪ್ಯಾರಾಥೈರಾಯ್ಡಿನಲ್ಲಿ ಅವು ತೀರ ಅಪರೂಪ. ಹರಳು ಕಾಣದಿದ್ದರೆ ಏನನ್ನೂ ಹೇಳಲಾಗದು. ಆಗ ನಿಜವಾಗಿ ನಿರ್ಧರಿಸುವುದು ಪ್ರತಿಕಾಯಗಳ ಮೂಲಕ ಮಾಡುವ ಇಮ್ಯುನೊ ಪರೀಕ್ಷೆ: ಥೈರೋಗ್ಲೋಬ್ಯುಲಿನ್ ಮತ್ತು ಟಿ.ಟಿ.ಎಫ್.-1 ಒಂದು ಕಡೆ, ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು ಗಾಟಾ-3 ಇನ್ನೊಂದು ಕಡೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಮೇಡಂ. ನಿಮ್ಮ ಕ್ರಮದಲ್ಲೇ ನೋಡಿದೆ. ಆ ಟೊಳ್ಳುಗಳು ತುಂಡಿನ ಒಂದೇ ಭಾಗದಲ್ಲಿವೆ, ಗೋಡೆಯ ಕೋಶಗಳೂ ಪಕ್ಕದ ಗಟ್ಟಿ ಭಾಗದ ಕೋಶಗಳೂ ಒಂದೇ ರೀತಿ ಇವೆ, ಅಂಚಿನ ಹತ್ತಿರ ಕೊಬ್ಬೂ ಇದೆ. ಥೈರಾಯ್ಡ್ ಸ್ಲೈಡಿನಲ್ಲಿರುವ ಗುಂಪುಗಳ ವಿಷಯ ಮಾತ್ರ ಉಳಿಯಿತು. ಒಂದು ಗುಂಪು ಪಕ್ಕದ ಫಾಲಿಕಲ್‌ನ ಅರ್ಧದಷ್ಟು ಅಗಲವಿದೆ.

ಪ್ಯಾಥಾಲಜಿ ವೈದ್ಯೆ:
ಹಾಗಿದ್ದರೆ ಮೊದಲ ಸ್ಲೈಡು ಪ್ಯಾರಾಥೈರಾಯ್ಡೇ.

ಎರಡನೆಯದಕ್ಕೆ ಬಂದರೆ, ಅಂಥ ಗುಂಪುಗಳಲ್ಲಿ ಹೆಚ್ಚಿನವು ಪ್ಯಾರಾಫಾಲಿಕ್ಯುಲರ್ ಕೋಶಗಳಲ್ಲ, ಅಂಚಿನಲ್ಲಿ ಸವರಿಕೊಂಡು ಹೋದ ಫಾಲಿಕಲ್‌ಗಳು. ಟೊಳ್ಳು ಚೆಂಡಿನ ತುದಿಯಿಂದ ಒಂದು ತೆಳುವಾದ ಬಿಲ್ಲೆ ಕತ್ತರಿಸಿದರೆ ಅದರಲ್ಲಿ ಚೆಂಡಿನ ಗೋಡೆ ಮಾತ್ರ ಇರುತ್ತದೆ, ಟೊಳ್ಳು ಇರುವುದಿಲ್ಲ. ಇದನ್ನು ಲೆಕ್ಕದಲ್ಲೇ ನೋಡಿ. ಫಾಲಿಕಲ್ 200 ಮೈಕ್ರೋಮೀಟರ್ ಅಗಲವಿದೆ, ಅದರ ಗೋಡೆಯ ಒಂದು ಸಾಲು ಕೋಶಗಳು 10 ಮೈಕ್ರೋಮೀಟರ್ ಎತ್ತರವಿವೆ ಎಂದಿಟ್ಟುಕೊಳ್ಳಿ. ನಮ್ಮ ಸ್ಲೈಡಿನ ತುಂಡು ಕೇವಲ 4ರಿಂದ 5 ಮೈಕ್ರೋಮೀಟರ್ ದಪ್ಪವಿರುವುದರಿಂದ, ಮೇಲಿನ 10 ಅಥವಾ ಕೆಳಗಿನ 10 ಮೈಕ್ರೋಮೀಟರ್‌ನೊಳಗೆ ಅದು ಹಾದುಹೋದರೆ ಕೊಲಾಯ್ಡ್ ಕಾಣಿಸುವುದೇ ಇಲ್ಲ. ಅಂದರೆ ಸುಮಾರು ಹತ್ತರಲ್ಲಿ ಒಂದು ಸಲ ಹೀಗಾಗುತ್ತದೆ, ಮತ್ತು ಆಗ ಕಾಣುವ ಗಟ್ಟಿ ಬಿಲ್ಲೆ ಸುಮಾರು 87 ಮೈಕ್ರೋಮೀಟರ್ ಅಗಲದವರೆಗೂ ಇರಬಹುದು. ನೀವು ಅರ್ಧ ಫಾಲಿಕಲ್‌ನಷ್ಟು ಅಗಲ ಎಂದದ್ದು ಇದಕ್ಕೆ ಹೊಂದುತ್ತದೆ. 50 ಮೈಕ್ರೋಮೀಟರ್‌ನ ಸಣ್ಣ ಫಾಲಿಕಲ್ ಆದರೆ ಹತ್ತರಲ್ಲಿ ನಾಲ್ಕು ಸಲ ಟೊಳ್ಳು ತಪ್ಪಿಹೋಗುತ್ತದೆ. ಹಾಗೆ ನೋಡಿದರೆ ಗುಂಪುಗಳೇ ಇಲ್ಲದ ಥೈರಾಯ್ಡ್ ಸ್ಲೈಡ್ ಸಿಗುವುದೇ ಕಷ್ಟ. ಆ ಗುಂಪಿನ ಕೋಶಗಳು ಪಕ್ಕದ ಫಾಲಿಕಲ್‌ನ ಗೋಡೆಯ ಕೋಶಗಳಂತೆಯೇ ಇವೆಯೇ ಎಂದು ಹೋಲಿಸಿ. ಇದ್ದರೆ ಅವು ಫಾಲಿಕಲ್ ಕೋಶಗಳೇ.

ನಿಜವಾದ ಪ್ಯಾರಾಫಾಲಿಕ್ಯುಲರ್ ಕೋಶ, ಅಂದರೆ ಕ್ಯಾಲ್ಸಿಟೋನಿನ್ ಸ್ರವಿಸುವ ಸಿ ಕೋಶ, ಫಾಲಿಕಲ್ ಕೋಶಕ್ಕಿಂತ ದೊಡ್ಡದು, ಬಣ್ಣ ತಿಳಿ. ಮನುಷ್ಯರಲ್ಲಿ ಅದು ಹೆಚ್ಚಾಗಿ ಫಾಲಿಕಲ್‌ನ ಆಧಾರ ಪೊರೆಯ ಒಳಗೇ, ಫಾಲಿಕಲ್ ಕೋಶಗಳ ಬುಡಕ್ಕೆ ಒತ್ತಿಕೊಂಡು ಕುಳಿತಿರುತ್ತದೆ, ಆದರೆ ಕೊಲಾಯ್ಡನ್ನು ಮುಟ್ಟುವುದಿಲ್ಲ. ಅದರ ಹಾರ್ಮೋನ್ ಹೋಗಬೇಕಾದದ್ದು ಹೊರಗಿನ ಲೋಮನಾಳಕ್ಕೆ, ಆದ್ದರಿಂದ ಕೊಲಾಯ್ಡಿನೊಂದಿಗೆ ಅದಕ್ಕೆ ವ್ಯವಹಾರವಿಲ್ಲ. ಇವು ಬಹಳ ವಿರಳ, ಮತ್ತು ಸಮನಾಗಿ ಹರಡಿಲ್ಲ: ಪಾರ್ಶ್ವ ಹಾಲೆಯ ಮೇಲಿನ ಮತ್ತು ಮಧ್ಯದ ಮೂರನೇ ಒಂದು ಭಾಗಗಳು ಕೂಡುವಲ್ಲಿ ಹೆಚ್ಚು, ಎರಡೂ ಹಾಲೆಗಳನ್ನು ಕೂಡಿಸುವ ಇಸ್ತಮಸ್‌ನಲ್ಲಿ ಸಾಮಾನ್ಯವಾಗಿ ಇಲ್ಲ. ನಿಮ್ಮ ತುಂಡು ಇಸ್ತಮಸ್‌ನಿಂದ ಬಂದಿದ್ದರೆ ಎಷ್ಟು ಹುಡುಕಿದರೂ ಸಿಗದು. ಸರಿಯಾದ ಜಾಗದಿಂದ ಬಂದಿದ್ದರೂ, ಎಚ್ ಅಂಡ್ ಇ ಬಣ್ಣದಲ್ಲಿ ಇದೇ ಸಿ ಕೋಶ ಎಂದು ಬೆರಳಿಟ್ಟು ತೋರಿಸುವ ಧೈರ್ಯ ನಾನು ಮಾಡುವುದಿಲ್ಲ, ಕ್ಯಾಲ್ಸಿಟೋನಿನ್ ಇಮ್ಯುನೊ ಪರೀಕ್ಷೆ ಬೇಕು. ಬೋಧನೆಗೆ ನಾಯಿಯ ಥೈರಾಯ್ಡ್ ಬಳಸುವುದು ಅದರಲ್ಲಿ ಇವು ಹೇರಳವಾಗಿ, ಕಣ್ಣಿಗೆ ಬೀಳುವಂತೆ ಇರುವುದರಿಂದ.

ಪ್ರತಿಕ್ರಿಯೆ (ಗುಂಪಿನ ಸದಸ್ಯರು):
ನಮ್ಮ ತಾಯಿಯವರಿಗೆ ಥೈರಾಯ್ಡ್ ಪೂರ್ತಿ ತೆಗೆದಿದ್ದಾರೆ. ವರದಿಯಲ್ಲಿ ಒಂದು ಪ್ಯಾರಾಥೈರಾಯ್ಡ್ ಗ್ರಂಥಿಯೂ ತುಂಡಿನೊಂದಿಗೆ ಬಂದಿದೆ ಎಂದು ಬರೆದಿದ್ದಾರೆ. ಅಂದರೆ ನೀವು ಹೇಳುತ್ತಿರುವ ಈ ಪ್ಯಾರಾ ಕೋಶಗಳು ಹೋಗಿದ್ದರಿಂದಲೇ ಅವರಿಗೆ ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತಿದೆಯೇ?

ಪ್ಯಾಥಾಲಜಿ ವೈದ್ಯೆ:
ಅವು ಎರಡೂ ಬೇರೆ ಬೇರೆ. ಸಿ ಕೋಶಗಳ ಕ್ಯಾಲ್ಸಿಟೋನಿನ್ ರಕ್ತದ ಕ್ಯಾಲ್ಸಿಯಂ ಅನ್ನು ಇಳಿಸುವ ಕಡೆಗೆ ಕೆಲಸ ಮಾಡುತ್ತದೆ, ಆದ್ದರಿಂದ ಅವು ಹೋದರೆ ಕ್ಯಾಲ್ಸಿಯಂ ಕಡಿಮೆಯಾಗುವುದಿಲ್ಲ. ಕ್ಯಾಲ್ಸಿಯಂ ಏರಿಸುವುದು ಪ್ಯಾರಾಥೈರಾಯ್ಡ್ ಹಾರ್ಮೋನ್. ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಒಂದೊಂದು 30ರಿಂದ 40 ಮಿಲಿಗ್ರಾಂ ಮಾತ್ರ, ಕೆಲವು ಥೈರಾಯ್ಡಿನ ಹೊದಿಕೆಗೆ ಅಂಟಿಕೊಂಡೋ ಒಳಗೆ ಹುದುಗಿಯೋ ಇರುತ್ತವೆ. ಹಾಗಾಗಿ ಒಂದು ಜೊತೆಗೆ ಬಂದುಬಿಡುವುದು ಅಪರೂಪವೇನಲ್ಲ, ಉಳಿದವುಗಳಿಗೆ ರಕ್ತ ಪೂರೈಕೆ ತಾತ್ಕಾಲಿಕವಾಗಿ ಕುಗ್ಗಿದಾಗಲೂ ಕ್ಯಾಲ್ಸಿಯಂ ಇಳಿಯುತ್ತದೆ. ಬೆರಳು ಜುಮ್ಮೆನ್ನುವುದು ಕಡೆಗಣಿಸುವ ಲಕ್ಷಣವಲ್ಲ. ಇವತ್ತೇ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತಿಳಿಸಿ, ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಕೈ ಸೆಟೆದುಕೊಂಡರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ವಿದ್ಯಾರ್ಥಿನಿಗೂ ಇದರಲ್ಲಿ ಒಂದು ವಿಷಯವಿದೆ: ಇಂಥ ತುಂಡಿನಲ್ಲಿ ಎರಡೂ ಗ್ರಂಥಿಗಳು ಒಂದೇ ಸ್ಲೈಡಿನಲ್ಲಿ ಅಕ್ಕಪಕ್ಕ ಬರುತ್ತವೆ. ನಡುವಿನ ತೆಳುವಾದ ನಾರಿನ ಹೊದಿಕೆಯನ್ನು ಗುರುತಿಸಿ ಎರಡೂ ಕಡೆ ಕಣ್ಣಾಡಿಸಿದರೆ ವ್ಯತ್ಯಾಸ ಬೇಗ ಮನಸ್ಸಿನಲ್ಲಿ ನಿಲ್ಲುತ್ತದೆ.

ಪ್ರತಿಕ್ರಿಯೆ (ಅಂಗರಚನಾಶಾಸ್ತ್ರ ಬೋಧಕರು):
ಮೇಡಂ ಅವರ ಉತ್ತರಕ್ಕೆ ಒಂದನ್ನು ಸೇರಿಸಬಯಸುತ್ತೇನೆ. ಸಿ ಕೋಶಗಳು ನರಶಿಖರದಿಂದ ಬಂದವು ಎಂದು ನಾವು ಪಾಠ ಮಾಡುತ್ತೇವೆ. ಅದಕ್ಕೆ ಮುಖ್ಯ ಆಧಾರ 1970ರ ದಶಕದ ಆಸುಪಾಸಿನಲ್ಲಿ ಕೋಳಿ ಮತ್ತು ಕ್ವೇಲ್ ಭ್ರೂಣಗಳನ್ನು ಬೆಸೆದು ನಿಕೋಲ್ ಲೆ ಡುವಾರಿನ್ ನಡೆಸಿದ ಪ್ರಯೋಗಗಳು. ಆದರೆ 2015ರಲ್ಲಿ ಇಲಿಗಳ ಭ್ರೂಣದಲ್ಲಿ ಕೋಶಗಳ ವಂಶವನ್ನು ಗುರುತುಹಚ್ಚಿ ನೋಡಿದಾಗ ಅವು ಒಳಪದರದಿಂದ, ಅಂದರೆ ಎಂಡೋಡರ್ಮ್‌ನಿಂದ, ಹುಟ್ಟಿದಂತೆ ಕಂಡಿತು. ಮೇಡಂ, ಪ್ಯಾಥಾಲಜಿಯ ದೃಷ್ಟಿಯಿಂದ ತಾವು ಯಾವ ಕಡೆ?

ಪ್ಯಾಥಾಲಜಿ ವೈದ್ಯೆ:
ಸರ್, ಸಿ ಕೋಶಗಳಿಂದ ಹುಟ್ಟುವ ಮೆಡುಲ್ಲರಿ ಕ್ಯಾನ್ಸರ್‌ನಲ್ಲಿ ಟಿ.ಟಿ.ಎಫ್.-1 ಸಾಮಾನ್ಯವಾಗಿ ಕಾಣಿಸಿಕೊಳ್ಳುವುದನ್ನು ನೋಡಿದಾಗ ನನ್ನ ಮನಸ್ಸು ಎಂಡೋಡರ್ಮ್ ಕಡೆಗೆ ವಾಲುತ್ತದೆ. ಆದರೂ ಆ ಒಂದು ಗುರುತು ವಂಶವನ್ನು ಸಾಬೀತು ಮಾಡುವುದಿಲ್ಲ, ಮನುಷ್ಯ ಭ್ರೂಣದಲ್ಲಿ ಅಂಥ ಪ್ರಯೋಗ ಮಾಡುವಂತೆಯೂ ಇಲ್ಲ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಯಾವುದನ್ನು ಬರೆಯಬೇಕು ಎಂಬುದನ್ನು ತಾವೇ ಹೇಳಬೇಕು.

ಅಂಗರಚನಾಶಾಸ್ತ್ರ ಬೋಧಕರು:
ಸದ್ಯಕ್ಕೆ ನರಶಿಖರ ಎಂದೇ ಬರೆದು, ಇಲಿಗಳಲ್ಲಿನ ಹೊಸ ಆಧಾರವನ್ನು ಒಂದು ಸಾಲಿನಲ್ಲಿ ಸೇರಿಸಿದರೆ ನಾನು ಅಂಕ ಕಳೆಯುವುದಿಲ್ಲ. ಬೇರೆ ಪರೀಕ್ಷಕರ ಬಗ್ಗೆ ಆ ಭರವಸೆ ಕೊಡಲಾರೆ.