ಪದಚರ್ಚೆ: ಕ್ಯಾಮೆರಾ ದಾಟಬಾರದ ‘ಲೈನ್’ಗೆ ಏನೆನ್ನೋಣ?

ಪ್ರಶ್ನೆ ಕೇಳಿದವರು:
ನಾಟಕ, ಸಂವಾದಗಳನ್ನು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸುವವರಿಗೆ ಕೈಪಿಡಿ ಬರೆಯುತ್ತಿದ್ದೇನೆ. ‘ಕ್ಯಾಮೆರಾಗಳೆಲ್ಲ ಲೈನಿನ ಒಂದೇ ಬದಿಗಿರಲಿ’ ಎಂಬಲ್ಲಿ ಕೈ ನಿಂತಿತು. ಮಾತನಾಡುವ ಇಬ್ಬರ ನಡುವೆ ನಾವು ಊಹಿಸಿಕೊಳ್ಳುವ ಗೆರೆ ಅದು. ‘ಕ್ರಿಯಾರೇಖೆ’ ಎಂದು ಬರೆದು ಹೊಡೆದುಹಾಕಿದೆ. ಕುರ್ಚಿಯಲ್ಲಿ ಕುಳಿತು ಚರ್ಚಿಸುವವರಲ್ಲಿ ಕ್ರಿಯೆ ಎಲ್ಲಿಂದ ಬರಬೇಕು? ‘ಲಕ್ಷ್ಮಣರೇಖೆ’ ಎಂದರೆ ದಾಟಬಾರದೆಂಬುದು ಹೊಳೆಯುತ್ತದೆ, ಗೆರೆ ಎಲ್ಲಿದೆ ಎಂಬುದು ಹೊಳೆಯುವುದಿಲ್ಲ.

ನಾಟಕ ಆಡಿಸುವವರು:
ನಮಗೂ ಇದೇ ಗೋಳು. ರಂಗದ ಎಡ ಎಂದರೆ ನಟರ ಎಡ. ‘ಅವಳು ಎಡಕ್ಕೆ ನಿರ್ಗಮಿಸುತ್ತಾಳೆ’ ಎಂದು ಹೇಳಿದ್ದೆ; ಕ್ಯಾಮೆರಾದವರು ತಮ್ಮ ಎಡಕ್ಕೆ ತಿರುಗಿ ಬರಿಯ ಪರದೆಯನ್ನು ಹಿಡಿದರು. ಅಂದಿನಿಂದ ನಕ್ಷೆಯಲ್ಲಿ ‘ಪ್ರೇಕ್ಷಕರ ಎಡ’ ಎಂದೇ ಬರೆಯುತ್ತೇನೆ.

ಪ್ರಶ್ನೆ ಕೇಳಿದವರು:
ಕೈಪಿಡಿಗೆ ಇದೂ ಬೇಕು. ಆದರೆ ನಾನು ಕೇಳಿದ್ದು ಬೇರೆ.

ಇನ್ನೊಬ್ಬರು:
ತಲೆ ಕೆಡಿಸಿಕೊಳ್ಳುವುದೇಕೆ? ‘ವೇದಿಕೆಯ ಅಂಚು’ ಎನ್ನಿ. ಕ್ಯಾಮೆರಾ ವೇದಿಕೆ ಹತ್ತದಿದ್ದರೆ ಆಯಿತು.

ಸಂಕಲನಕಾರರು:
ಸಂವಾದದ ಮಟ್ಟಿಗೆ ನೀವು ಹೇಳಿದ್ದು ಹೆಚ್ಚುಕಡಿಮೆ ಸರಿ. ನಿರೂಪಕ ಸಾಲಿನ ಎಡತುದಿಯಲ್ಲಿದ್ದಾನೆ, ಅತಿಥಿಗಳು ಅವನ ಬಲಕ್ಕೆ (ಪ್ರೇಕ್ಷಕರ ಬಲ, ಮೇಲಿನವರ ಸಲಹೆಯಂತೆ). ಬಲಗೋಡೆಯ ಕ್ಯಾಮೆರಾಕ್ಕೆ ಅವನ ಮುಖ ಸಿಗುತ್ತದೆ, ಎಡಗೋಡೆಯದಕ್ಕೆ ಅತಿಥಿಗಳದು. ಅವನು ತೆರೆಯ ಬಲಕ್ಕೆ ನೋಡುತ್ತಾನೆ, ಅವರು ಎಡಕ್ಕೆ, ಮಾತು ಕೂಡುತ್ತದೆ. ಒಂದು ಕ್ಯಾಮೆರಾವನ್ನು ಕುರ್ಚಿಗಳ ಹಿಂದೆ ಇಟ್ಟರೆ ಅದರಲ್ಲಿ ಅತಿಥಿಯೂ ಬಲಕ್ಕೆ ನೋಡುತ್ತಾನೆ. ಇಬ್ಬರೂ ಮೂರನೆಯವನೊಬ್ಬನ ಜೊತೆ ಮಾತನಾಡುತ್ತಿರುವಂತೆ ಕಾಣುತ್ತದೆ.

ನಾಟಕದಲ್ಲಿ ಅಂಚಿನ ಮಾತು ನಿಲ್ಲುವುದಿಲ್ಲ. ನನ್ನ ಕೈಗೆ ಬಂದ ಒಂದು ದೃಶ್ಯದಲ್ಲಿ ತಾಯಿ ಹಿಂಬದಿಯ ಬಾಗಿಲಲ್ಲಿ, ಮಗ ಅಂಚಿನ ಹತ್ತಿರ, ಇಬ್ಬರೂ ನಡುಮಧ್ಯದಲ್ಲಿ. ಗೆರೆ ಈಗ ವೇದಿಕೆಯ ಆಳದಿಂದ ಸಭಾಂಗಣದ ನಡುವಿಗೆ ಹಾಯುತ್ತದೆ. ಯಾರೂ ವೇದಿಕೆ ಹತ್ತಲಿಲ್ಲ, ಆದರೂ ಎಡ ಬಲ ಕ್ಯಾಮೆರಾಗಳು ಅದರ ಆಚೆ ಈಚೆ ಆದವು. ಎಡಗಡೆಯದರಲ್ಲಿ ಮಗ ತೆರೆಯ ಬಲಕ್ಕಿದ್ದ. ಬಲಗಡೆಯದಕ್ಕೆ ಕತ್ತರಿಸಿದೊಡನೆ ಎಡಕ್ಕೆ ನೆಗೆದ. ಗೆರೆಯ ಮೇಲೆಯೇ ಇದ್ದ ನಡುವಿನ ಕ್ಯಾಮೆರಾದ ವಿಶಾಲ ನೋಟವನ್ನು ಮಧ್ಯೆ ಸೇರಿಸಿ ಪಾರಾದೆ. ತಾಲೀಮು ನೋಡಿದ್ದರೆ ಆ ದೃಶ್ಯಕ್ಕೆ ಒಂದು ಬದಿಯ ಕ್ಯಾಮೆರಾವನ್ನು ನಡುವಿಗೆ ಸರಿಸಬಹುದಿತ್ತು.

ಹಾಗಾಗಿ ‘ನೋಟದ ಗೆರೆ’ ಎಂದರೆ ಹೇಗೆ? ನೋಟ ತಿರುಗಿದಂತೆ ಗೆರೆಯೂ ತಿರುಗುತ್ತದೆ ಎಂಬುದು ಹೆಸರಿನಲ್ಲೇ ಇರುತ್ತದೆ.

ನಾಟಕ ಆಡಿಸುವವರು:
ಹಿಂದಿನ ಸಾಲಿನವರಿಗೆ ರಂಗ ಕಾಣುತ್ತದೆಯೇ ಎಂದು ನೋಡುವುದಕ್ಕೆ ನಾವು ದೃಷ್ಟಿರೇಖೆ ಎನ್ನುತ್ತೇವೆ. ಗೊಂದಲವಾಗದೇ?

ಪ್ರಶ್ನೆ ಕೇಳಿದವರು:
ಆದೀತು. ಬೆನ್ನು ತಿರುಗಿಸಿಕೊಂಡೇ ಜಗಳವಾಡುವವರೂ ಇದ್ದಾರೆ, ಅವರ ನಡುವೆ ನೋಟವಿಲ್ಲ, ಗೆರೆ ಇದೆ. ‘ಮಾತಿನ ಗೆರೆ’ ಎಂದು ಬರೆದು ನೋಡುತ್ತೇನೆ. ಮಾತಿಲ್ಲದ ದೃಶ್ಯ ಬಂದರೆ ಮತ್ತೆ ಇಲ್ಲಿಗೇ ಬರಬೇಕಾದೀತು.