ಪದಚರ್ಚೆ: ವೆಬಿನಾರ್ ವರದಿಯಲ್ಲಿ ‘ಹಾಜರಿದ್ದ ಅವಧಿ’ ಎಂದರೆ ಯಾವುದು?

ಪ್ರಶ್ನೆ: ಕುವೆಂಪುನಗರ, ಮೈಸೂರು

ಬಳಗದ ಹಿರಿಯರಿಗೆ ನಮಸ್ಕಾರ. ಪ್ರೌಢಶಾಲಾ ಶಿಕ್ಷಕರಿಗಾಗಿ ನಮ್ಮ ಕಾಲೇಜಿನಲ್ಲಿ ಬೆಳಿಗ್ಗೆ 11ರಿಂದ 12:30ರವರೆಗೆ ಝೂಮ್ ಮೂಲಕ ವೆಬಿನಾರ್ ನಡೆಯಿತು. ‘ಶೇಕಡಾ 75ರಷ್ಟು ಅವಧಿಗೆ ಹಾಜರಿದ್ದವರಿಗೆ ಮಾತ್ರ ಪ್ರಮಾಣಪತ್ರ ನೀಡಲಾಗುವುದು’ ಎಂದು ಆಹ್ವಾನದಲ್ಲಿ ಅಚ್ಚಾಗಿತ್ತು. ಝೂಮ್ ಕೊಟ್ಟ ವರದಿಯನ್ನು ಕನ್ನಡ ಪಟ್ಟಿಯಾಗಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. `Join Time` ಎಂಬುದಕ್ಕೆ ‘ಸೇರಿದ ಸಮಯ’ ಎಂದೂ `Leave Time` ಎಂಬುದಕ್ಕೆ ‘ಹೊರಬಂದ ಸಮಯ’ ಎಂದೂ ಬರೆದುಕೊಂಡಿದ್ದೇನೆ. `Duration (Minutes)` ಎಂಬ ಕಾಲಮ್ಮಿಗೆ ‘ಹಾಜರಿದ್ದ ಅವಧಿ’ ಎಂದು ಬರೆಯಬಹುದೇ ಎಂಬುದು ನನ್ನ ಪ್ರಶ್ನೆ. ಸಂಶಯಕ್ಕೆ ಕಾರಣ, ಒಬ್ಬರೇ ಶಿಕ್ಷಕರ ಹೆಸರಿನಲ್ಲಿ ಹೀಗೆ ಮೂರು ಸಾಲುಗಳಿರುವುದು:

```
Join Time   Leave Time   Duration (Minutes)
10:40       11:30        50
11:10       11:45        35
12:25       12:31         6
```

90 ನಿಮಿಷದ ಶೇಕಡಾ 75 ಎಂದರೆ ಅರವತ್ತೇಳೂವರೆ ನಿಮಿಷ. ಇವರು ಹಾಜರಿದ್ದರೆಂದು ಬರೆಯಬೇಕೋ, ಬೇಡವೋ?

ಉತ್ತರ: ಮಂಡ್ಯ

ತಾಯಿ, ‘ಹಾಜರಿದ್ದ ಅವಧಿ’ ಎಂಬುದು ಒಳ್ಳೆಯ, ಎಲ್ಲರಿಗೂ ತಿಳಿಯುವ ಪದ. ಅದನ್ನು ಬಿಡುವ ಅಗತ್ಯ ನನಗೆ ಕಾಣುವುದಿಲ್ಲ. ಮೇಷ್ಟ್ರಾಗಿದ್ದಾಗ ನಾನು ತುಂಬಿದ ಹಾಜರಿ ಪುಸ್ತಕಗಳಿಗೆ ಲೆಕ್ಕವಿಲ್ಲ. ಈಚೆಗೆ ಇಂಥ ಆನ್‌ಲೈನ್ ಪಟ್ಟಿಗಳನ್ನೂ ನೋಡಿದ್ದೇನೆ. ಅನೇಕರು ಮೊದಲು ಸೇರಿದ ಸಮಯವನ್ನೂ ಕೊನೆಗೆ ಹೊರಬಂದ ಸಮಯವನ್ನೂ ಹಿಡಿದು ನಡುವಿನದೆಲ್ಲವೂ ಹಾಜರಿ ಎಂದುಕೊಳ್ಳುತ್ತಾರೆ. ಹಾಗೆ ಎಣಿಸಿದರೆ ನಿಮ್ಮ ಶಿಕ್ಷಕರಿಗೆ 111 ನಿಮಿಷ ಸಿಗುತ್ತದೆ. 11:45ರಿಂದ 12:25ರವರೆಗೆ ಅವರು ಇರಲೇ ಇಲ್ಲವಾದ್ದರಿಂದ ಅದು ತಪ್ಪು ಲೆಕ್ಕ. ಒಬ್ಬೊಬ್ಬರ ಸಾಲುಗಳನ್ನು ಒಟ್ಟುಗೂಡಿಸಿ ಕೊನೆಯ ಕಾಲಮ್ಮನ್ನು ಕೂಡಿಸಿರಿ. ಎಕ್ಸೆಲ್‌ನಲ್ಲಿ `SUMIF` ಹಾಕಿದರೆ ಕ್ಷಣದ ಕೆಲಸ. 50, 35 ಮತ್ತು 6 ಸೇರಿ 91 ಆಗುತ್ತದೆ. ಪ್ರಮಾಣಪತ್ರ ಕೊಡಿ.

ಉತ್ತರ: ಮದ್ದೂರು

ಈ ವೆಬಿನಾರಿಗೆ ನಮ್ಮ ಶಾಲೆಯಿಂದ ನಾಲ್ಕು ಜನ ಶಿಕ್ಷಕರು ಸ್ಟಾಫ್ ರೂಮಿನಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಕುಳಿತು ಆರಂಭದಿಂದ ಕೊನೆಯವರೆಗೆ ಕೇಳಿದ್ದೇವೆ. ಕರೆಂಟು ಹೋಗಿ ವೈಫೈ ನಿಂತಾಗ ಮುಖ್ಯೋಪಾಧ್ಯಾಯರ ಮೊಬೈಲಿನಿಂದ ಹಾಟ್‌ಸ್ಪಾಟ್ ಕೊಟ್ಟು ಮುಂದುವರಿಸಿದೆವು. ಪಟ್ಟಿಯಲ್ಲಿ ಬಂದಿರುವುದು ಲ್ಯಾಪ್‌ಟಾಪ್ ಯಾರದೋ ಅವರ ಹೆಸರು ಮಾತ್ರ ಎಂದು ಕೇಳಿದೆ. ಉಳಿದ ಮೂವರ ಪ್ರಮಾಣಪತ್ರದ ಗತಿಯೇನು ಎಂಬುದನ್ನು ಮೇಡಂ ದಯವಿಟ್ಟು ತಿಳಿಸಬೇಕು. ನಾಲ್ವರ ಸಹಿ ಇರುವ ಪತ್ರವನ್ನು ಕಳುಹಿಸಲು ನಾವು ಸಿದ್ಧರಿದ್ದೇವೆ.

ಉತ್ತರ: ವಿಜಯನಗರ, ಮೈಸೂರು

ಮಂಡ್ಯದ ಮೇಷ್ಟ್ರು ಮೊದಲ ಲೆಕ್ಕವನ್ನು ತಳ್ಳಿಹಾಕಿದ್ದು ಸರಿ, ಸಾಲುಗಳನ್ನು ಒಬ್ಬೊಬ್ಬರ ಹೆಸರಿನಲ್ಲಿ ಒಟ್ಟುಗೂಡಿಸಬೇಕೆಂದದ್ದೂ ಸರಿ. ಆದರೆ ಕೂಡಿಸುವುದರಲ್ಲಿ ಒಂದು ತೊಡಕಿದೆ. ಎರಡನೆಯ ಸಾಲು ಆರಂಭವಾಗುವುದು 11:10ಕ್ಕೆ. ಮೊದಲನೆಯದು ಮುಗಿಯುವುದು 11:30ಕ್ಕೆ. ಅಂದರೆ 20 ನಿಮಿಷಗಳ ಕಾಲ ಒಬ್ಬರೇ ಎರಡು ಕಡೆಯಿಂದ ಒಳಗಿದ್ದರು. ಬಹುಶಃ ಫೋನಿನಲ್ಲಿ ಸೇರಿದವರು ಅದನ್ನು ಬಿಡದೆಯೇ ಲ್ಯಾಪ್‌ಟಾಪಿನಲ್ಲೂ ಸೇರಿರಬೇಕು. ಆ 20 ನಿಮಿಷವನ್ನು ಎರಡು ಸಲ ಎಣಿಸಿದ್ದರಿಂದಲೇ 91 ಬಂದಿದೆ.

ನಾನು ಮಾಡುವ ಕ್ರಮ ಇದು. ಒಬ್ಬರ ಸಾಲುಗಳನ್ನು ಸೇರಿದ ಸಮಯದ ಕ್ರಮದಲ್ಲಿ ಜೋಡಿಸಿ, ಮೇಲಿನಿಂದ ಓದುತ್ತ, ಅಲ್ಲಿಯವರೆಗೆ ಕಂಡ ಹೊರಬಂದ ಸಮಯಗಳಲ್ಲಿ ಎಲ್ಲಕ್ಕಿಂತ ತಡವಾದದ್ದನ್ನು ನೆನಪಿನಲ್ಲಿಡುತ್ತೇನೆ. ಮುಂದಿನ ಸಾಲು ಅದಕ್ಕಿಂತ ಮೊದಲೇ ಆರಂಭವಾಗಿದ್ದರೆ ಎರಡನ್ನೂ ಒಂದೇ ಅವಧಿಯಾಗಿ ಬೆಸೆಯುತ್ತೇನೆ, ಇಲ್ಲವಾದರೆ ಹೊಸ ಅವಧಿ ಆರಂಭವಾಯಿತೆಂದು ಹಿಡಿಯುತ್ತೇನೆ. ಕೇವಲ ಹಿಂದಿನ ಸಾಲಿನೊಂದಿಗೆ ಹೋಲಿಸಿದರೆ ಸಾಲದು. ಫೋನು ಉದ್ದಕ್ಕೂ ಒಳಗಿದ್ದು ಲ್ಯಾಪ್‌ಟಾಪು ನಡುವೆ ಎರಡು ಸಲ ಬಂದು ಹೋಗಿದ್ದರೆ ಆ ಹೋಲಿಕೆ ಕೈಕೊಡುತ್ತದೆ. ಈ ಕ್ರಮದಲ್ಲಿ ಮೊದಲೆರಡು ಸಾಲುಗಳು ಬೆಸೆದು 10:40ರಿಂದ 11:45, ಅಂದರೆ 65 ನಿಮಿಷವಾಗುತ್ತವೆ. ಕೊನೆಯ 6 ಸೇರಿ 71.

71 ಸಹ ಗೆರೆಯನ್ನು ದಾಟುತ್ತದೆ, ಆದರೆ ಇನ್ನೊಂದು ಕತ್ತರಿ ಬಾಕಿ ಇದೆ. ಕಾರ್ಯಕ್ರಮ ಆರಂಭವಾದದ್ದು 11ಕ್ಕೆ. ಅದಕ್ಕೆ ಮುಂಚಿನ 20 ನಿಮಿಷ ಇವರು ಕಾಯುತ್ತ ಕುಳಿತಿದ್ದರೇ ಹೊರತು ಕೇಳಲು ಅಲ್ಲಿ ಏನೂ ಇರಲಿಲ್ಲ. 12:30ರ ನಂತರದ ಒಂದು ನಿಮಿಷವೂ ಹಾಗೆಯೇ. ಎರಡನ್ನೂ ಕತ್ತರಿಸಿದರೆ 11:00ರಿಂದ 11:45ರವರೆಗಿನ 45 ಮತ್ತು 12:25ರಿಂದ 12:30ರವರೆಗಿನ 5 ಮಾತ್ರ ಉಳಿದು ಒಟ್ಟು 50 ನಿಮಿಷವಾಗುತ್ತದೆ. ಅದೇ ಮೂರು ಸಾಲುಗಳಿಂದ 111, 91, 71 ಮತ್ತು 50 ಎಂಬ ನಾಲ್ಕು ಉತ್ತರಗಳು ಬಂದವು, ಕೊನೆಯದರಲ್ಲಿ ಮಾತ್ರ ಅವರು ಗೆರೆಯ ಕೆಳಗೆ ಬಿದ್ದರು. ಕೊನೆಯ ಐದು ನಿಮಿಷಕ್ಕೆ ಬಂದು ಹೋಗುವುದು ಅಭಿಪ್ರಾಯ ತಿಳಿಸುವ ಫಾರಂ ಲಿಂಕಿಗಾಗಿ ಎಂಬುದು ನನ್ನ ಊಹೆ. ಊಹೆಯನ್ನು ಪಟ್ಟಿಯಲ್ಲಿ ಬರೆಯಲಾಗದು.

ಈಗ ಪದದ ವಿಚಾರ. ಹಾಜರಿ ಪುಸ್ತಕದಲ್ಲಿ ಗುರುತು ಬೀಳುವುದು ಮೇಷ್ಟ್ರು ಹುಡುಗನ ಮುಖ ನೋಡಿದ ಮೇಲೆ. ಲಾಗ್ ನೋಡುವುದು ಉಪಕರಣವನ್ನು ಮಾತ್ರ, ಕುರ್ಚಿ ಖಾಲಿಯಿದ್ದರೂ ನಿಮಿಷ ಏರುತ್ತಲೇ ಇರುತ್ತದೆ. ಝೂಮ್ ಕಿಟಕಿ ಕಣ್ಣೆದುರಿದೆಯೋ ಇಲ್ಲವೋ ಎಂಬುದನ್ನು ಆತಿಥೇಯರಿಗೆ ತೋರಿಸುವ ಸೌಲಭ್ಯವೊಂದು ಹಿಂದೆ ಇತ್ತು. ಖಾಸಗಿತನದ ಆಕ್ಷೇಪಗಳು ಎದ್ದ ನಂತರ 2020ರ ಏಪ್ರಿಲ್‌ನಲ್ಲಿ ಆ ಕಂಪನಿಯೇ ಅದನ್ನು ತೆಗೆದುಹಾಕಿತು. ಆದ್ದರಿಂದ ಆ ಕಾಲಮ್ಮಿಗೆ ‘ಸಂಪರ್ಕಾವಧಿ’ ಎಂದು ಹೆಸರಿಡಿ. ‘ಹಾಜರಿ’ ಎಂಬುದನ್ನು ನೀವು ನಿಯಮ ಹಚ್ಚಿ ತೀರ್ಮಾನಿಸಿದ ಮೇಲೆ ಹೌದು ಅಥವಾ ಇಲ್ಲ ಎಂದು ಬರೆಯುವ ಬೇರೊಂದು ಕಾಲಮ್ಮಿಗೆ ಇಟ್ಟುಕೊಳ್ಳಿ. ಮದ್ದೂರಿನವರ ಪ್ರಕರಣದಲ್ಲಿ ಸಂಪರ್ಕ ಒಂದೇ, ಹಾಜರಿ ನಾಲ್ಕು; ಎರಡು ಕಾಲಮ್ಮುಗಳಿದ್ದರೆ ಅದಕ್ಕೂ ಜಾಗವಿರುತ್ತದೆ.

ಉತ್ತರ: ಮಂಡ್ಯ

ಎರಡು ಸಲ ಎಣಿಸಿದ ಮಾತನ್ನು ಒಪ್ಪಿದೆ. ಕತ್ತರಿಯ ಬಗ್ಗೆ ನನ್ನ ತಕರಾರಿದೆ. ಕಾರ್ಯಕ್ರಮ 11ಕ್ಕೆ ಎಂದು ಆಹ್ವಾನದಲ್ಲಿದ್ದರೂ ಸ್ವಾಗತ, ಪ್ರಾರ್ಥನೆ, ಅತಿಥಿಗಳ ಪರಿಚಯ ಎಂದು ಉಪನ್ಯಾಸ ಶುರುವಾಗುವಷ್ಟರಲ್ಲಿ ಎಷ್ಟಾಗಿರುತ್ತದೋ ಬಲ್ಲವರೇ ಬಲ್ಲರು. ಕತ್ತರಿಸುವುದಾದರೆ ನಿಜವಾಗಿ ನಡೆದ ಸಮಯಕ್ಕೆ ಕತ್ತರಿಸಬೇಕು, ಅಚ್ಚಾದ ಸಮಯಕ್ಕಲ್ಲ. ‘ಸಂಪರ್ಕಾವಧಿ’ ಎಂಬ ಪದವೂ ಮೈಸೂರಿನಲ್ಲಿ ಗೊಂದಲ ತರುತ್ತದೆ. ಮುಕ್ತ ವಿಶ್ವವಿದ್ಯಾನಿಲಯದವರ ಸಂಪರ್ಕ ತರಗತಿ ಎಂಬುದು ಇಲ್ಲಿ ಮನೆಮಾತು. ಅಲ್ಲಿ ಸಂಪರ್ಕ ಎಂದರೆ ಗುರುಗಳೆದುರು ಖುದ್ದಾಗಿ ಕೂರುವುದೇ ಆಗಿದೆ. ಎಲ್ಲರ ಬಾಯಲ್ಲಿರುವ ‘ಲಾಗಿನ್’ ಪದವನ್ನೇ ಉಳಿಸಿಕೊಂಡರೆ ಮೈಲಿಗೆಯೇನೂ ಆಗದು.

ಪ್ರಶ್ನೆ ಕೇಳಿದವರಿಂದ: ಕುವೆಂಪುನಗರ, ಮೈಸೂರು

ಎಲ್ಲರಿಗೂ ಧನ್ಯವಾದಗಳು. ಕಾಲಮ್ಮಿಗೆ ‘ಕಾರ್ಯಕ್ರಮದೊಳಗೆ ಲಾಗಿನ್ ಆಗಿದ್ದ ನಿಮಿಷಗಳು’ ಎಂದು ಬರೆದು, ‘ಹಾಜರಿ’ಯನ್ನು ಪ್ರತ್ಯೇಕವಾಗಿ ಇಡುತ್ತಿದ್ದೇನೆ. ರೆಕಾರ್ಡಿಂಗ್ ನೋಡಿದಾಗ ಸ್ವಾಗತ 11:04ಕ್ಕೆ ಆರಂಭವಾಗಿ ವಂದನಾರ್ಪಣೆ 12:30ಕ್ಕೆ ಮುಗಿದಿದೆ. ಅದರಂತೆ ಅವಧಿ 86 ನಿಮಿಷ, ಗೆರೆ ಅರವತ್ತನಾಲ್ಕೂವರೆ, ಆ ಶಿಕ್ಷಕರ ಪಾಲು 46, ತೀರ್ಮಾನ ಬದಲಾಗುವುದಿಲ್ಲ. ಮದ್ದೂರಿನವರ ಪತ್ರ ಬಂದರೆ ಸಂಚಾಲಕರ ಮುಂದಿಡುತ್ತೇನೆ. ಕೊಡುವುದು ಬಿಡುವುದು ಅವರಿಗೆ ಸೇರಿದ್ದು.

ಇನ್ನೊಂದು ಸಂಶಯ ಉಳಿದಿದೆ. ಕೆಲವು ಸಾಲುಗಳಲ್ಲಿ ಹೆಸರಿನ ಜಾಗದಲ್ಲಿ ಫೋನಿನ ಮಾಡೆಲ್ ಮಾತ್ರ ಇದ್ದು, ಇಮೇಲ್ ಖಾಲಿ ಇದೆ. ಅವನ್ನು ‘ಅನಾಮಧೇಯ’ ಎನ್ನಬಹುದೇ? ಆ ಪದಕ್ಕೆ ಬೇಕೆಂದೇ ಹೆಸರು ಮುಚ್ಚಿಟ್ಟವರು ಎಂಬ ಛಾಯೆಯಿದೆ, ಇವರಾದರೋ ಹೆಸರು ಬರೆಯಲು ಮರೆತವರು. ‘ಗುರುತು ಸಿಗದವರು’ ಎಂದು ಸದ್ಯಕ್ಕೆ ಹಾಕಿದ್ದೇನೆ.