ಅಪ್‌ಡೇಟ್: ಅರ್ಧ ಬೆಲೆಯ ಲೆಗೋ ಸೆಟ್, ಫೋಟೋಗಳಲ್ಲಿ ಕಂಡದ್ದು

ನನ್ನ ಪ್ರಶ್ನೆ ಇದಾಗಿತ್ತು: "ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಹೊಸ ಲೆಗೋ ಸೆಟ್ ಸಿಗ್ತಿದೆ. ಬರೀ ಫೋಟೋ ನೋಡಿ ಅಸಲಿಯೋ ನಕಲಿಯೋ ಹೇಳಬಹುದಾ?"

ಅಪ್‌ಡೇಟ್: ನಕಲಿಯೇ. ದುಡ್ಡು ಕೊಡಲಿಲ್ಲ.

ನೀವು ಹೇಳಿದಂತೆ ಬ್ಲಾಕ್ ಮೇಲಿನ ಗುಂಡು ಉಬ್ಬುಗಳ ಕ್ಲೋಸಪ್ ಫೋಟೋ ಕಳಿಸಿ ಎಂದು ಮಾರುವವರನ್ನು ಕೇಳಿದೆ. ಮೊದಲು ಬಂದ ಫೋಟೋ ಫ್ಲ್ಯಾಶ್ ಹಾಕಿ ತೆಗೆದದ್ದು, ಬಿಳಿ ಹೊಳಪು ಬಿಟ್ಟರೆ ಏನೂ ಇಲ್ಲ. ಕಿಟಕಿ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ತೆಗೆಯಿರಿ ಎಂದೆ. ಅಸಲಿಯಾಗಿದ್ದರೆ ಪ್ರತಿ ಉಬ್ಬಿನ ಮೇಲೂ LEGO ಅಕ್ಷರಗಳು ನೆರಳು ಸಮೇತ ಎದ್ದು ಕಾಣಬೇಕು. ಇಲ್ಲಿ ಎಲ್ಲವೂ ಬೋಳು! (ಉಬ್ಬಿಲ್ಲದ ನುಣುಪು ತುಂಡುಗಳಲ್ಲಿ ಈ ಪರೀಕ್ಷೆ ನಡೆಯಲ್ಲ.)

ಬಾಕ್ಸ್‌ನಲ್ಲಿ ಚಿತ್ರ ಅದೇ, ಆದರೆ ಮೂಲೆಯ ಕೆಂಪು ಲೋಗೋ ಜಾಗದಲ್ಲಿ ಬೇರೇನೋ ಹೆಸರು. ಸಣ್ಣ ಅಕ್ಷರಗಳು ಕಲೆಸಿಹೋಗಿವೆ. ಹಿಂಬದಿಯಲ್ಲಿ ಐಎಸ್‌ಐ ಗುರುತೂ ಇಲ್ಲ, ಅದರ ಕೆಳಗೆ CM/L ಎಂದು ಶುರುವಾಗುವ ಲೈಸೆನ್ಸ್ ನಂಬರೂ ಇಲ್ಲ. 2021ರಿಂದ ಇಲ್ಲಿ ಮಾರುವ ಆಟಿಕೆಗೆ ಅದು ಕಡ್ಡಾಯ. ನಂಬರ್ ಇದ್ದಿದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದಿತ್ತು. "ಫಾರಿನ್ ಪೀಸ್ ಮೇಡಂ, ಅದಕ್ಕೇ ಇಲ್ಲ" ಅಂದರು. ವಿದೇಶದಲ್ಲಿ ಕೊಂಡ ಡಬ್ಬಿಯ ಮೇಲೆ ಐಎಸ್‌ಐ ಇರದೇ ಇರಬಹುದು, ಒಪ್ಪೋಣ. ಬೋಳು ಉಬ್ಬಿಗೆ ಮಾತ್ರ ಉತ್ತರ ಬರಲಿಲ್ಲ.